ಎಷ್ಟು ಮನೆ ಅಲ್ಲ, ಎಷ್ಟು ವಸೂಲಿ?

ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಬೆಳಗಿನ ಜಾವ ಐದಕ್ಕೆ ಪೇಪರ್ ಬಂಡಲ್ ಇಳಿಯುತ್ತದೆ. ಎಣಿಸಿಕೊಂಡು, ಪುರವಣಿ ಸೇರಿಸಿ, ಸೈಕಲ್ ಹತ್ತಿದರೆ ಆರೂವರೆಯೊಳಗೆ ಎಂಬತ್ತು ಮನೆ ಮುಗಿಯಬೇಕು. ಏಳಕ್ಕೆ ನನಗೆ ಶಿವಮೊಗ್ಗದ ಬಸ್, ಕಾಲೇಜು. ಎರಡು ವರ್ಷದಿಂದ ಇದೇ ನನ್ನ ದಿನಚರಿ. ಸೈಕಲ್ಲು ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟದ್ದೇ.

‘ಪೇಪರ್ ಹಾಕಿದ್ರೆ ಎಷ್ಟು ಸಿಗುತ್ತೆ?’ ಎಂದು ಗೆಳೆಯರು ಕೇಳುತ್ತಾರೆ. ಉತ್ತರ ನೀವು ಯಾವ ಲೆಕ್ಕದಲ್ಲಿ ಹಾಕುತ್ತೀರಿ ಎಂಬುದರ ಮೇಲಿದೆ. ಮೊದಲ ವರ್ಷ ನಾನು ಸಂಬಳದ ಹುಡುಗ. ಏಜೆಂಟರು ತಿಂಗಳಿಗೆ 1,500 ರೂಪಾಯಿ ಕೊಡುತ್ತಿದ್ದರು. ಮನೆಯವರು ಬಿಲ್ ಕೊಟ್ಟರೋ ಬಿಟ್ಟರೋ ಅದು ಅವರ ತಲೆನೋವು. ಎರಡನೇ ವರ್ಷ ಅದೇ ಎಂಬತ್ತು ಮನೆಯ ಲೈನನ್ನು ನಾನೇ ವಹಿಸಿಕೊಂಡೆ. ಮನೆಯೊಂದಕ್ಕೆ ತಿಂಗಳಿಗೆ ಸುಮಾರು 200 ರೂಪಾಯಿಯಂತೆ 16,000 ಬಿಲ್. ಅದರಲ್ಲಿ ಏಜೆಂಟರಿಗೆ 13,000 ಕಟ್ಟಬೇಕು. ಉಳಿಯುವುದು 3,000. ಸಂಬಳದ ಎರಡರಷ್ಟು! ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು.

ಮೊದಲ ತಿಂಗಳ ವಸೂಲಿಗೆ ಹೋದಾಗ ಅರ್ಥವಾಯಿತು. ಹನ್ನೆರಡು ಮನೆಯವರು ಕೊಡಲಿಲ್ಲ. ಯಾರೂ ಕೆಟ್ಟವರಲ್ಲ. ‘ಚಿಲ್ಲರೆ ಇಲ್ಲ, ನಾಳೆ ಬಾ’ ಎಂದವರು ಕೆಲವರು, ‘ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ ಮಾರಾಯ’ ಎಂದವರು ಕೆಲವರು. ಎರಡು ಮನೆಗೆ ಬೀಗ. ಹನ್ನೆರಡು ಮನೆಯೆಂದರೆ 2,400 ರೂಪಾಯಿ. ಏಜೆಂಟರಿಗೆ ಮಾತ್ರ 13,000 ಪೂರ್ತಿ ಕಟ್ಟಲೇಬೇಕು. ನನ್ನ ಕೈಗೆ ಬಂದದ್ದು 600. ಸಂಬಳದ ಹುಡುಗನಾಗಿ ದುಡಿದದ್ದರ ಅರ್ಧವೂ ಇಲ್ಲ. ಆ ತಿಂಗಳು ಪರೀಕ್ಷಾ ಶುಲ್ಕಕ್ಕೆ ಅಮ್ಮನ ಮುಂದೆ ಕೈ ಒಡ್ಡಬೇಕಾಯಿತು.

ಒಂದು ಮನೆಯಿಂದ ನನಗೆ ಸಿಗುವ ಲಾಭ ತಿಂಗಳಿಗೆ ಮೂವತ್ತೇಳೂವರೆ ರೂಪಾಯಿ. ಒಂದು ಮನೆ 200 ರೂಪಾಯಿ ಮುಳುಗಿಸಿದರೆ, ಅದನ್ನು ತುಂಬಲು ಐದಕ್ಕೂ ಹೆಚ್ಚು ಮನೆಗಳ ಇಡೀ ತಿಂಗಳ ಲಾಭ ಹೋಗುತ್ತದೆ. ಹಾಗಾಗಿ ಹೊಸ ಮನೆ ಹಿಡಿಯುವುದಕ್ಕಿಂತ ಕೊಡದ ಮನೆ ಬಿಡುವುದೇ ಲಾಭ. ಇದು ನನಗೆ ತಡವಾಗಿ ಹೊಳೆಯಿತು.

ಹೊಳೆಯಿಸಿದ್ದು ಸೊರಬದ ನನ್ನ ಸೋದರಮಾವ. ಹಗಲು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಬೆಳಿಗ್ಗೆ ಪೇಪರ್ ಹಾಕುತ್ತಾರೆ. ರಜೆಯಲ್ಲಿ ಒಂದು ವಾರ ಅವರ ಜೊತೆ ಹೋದೆ. ಅವರ ಲೈನ್ ಐವತ್ತೈದೇ ಮನೆ, ಆದರೆ ಬಾಕಿ ಎಂಬುದು ಬಹಳ ಕಡಿಮೆ. ಪ್ರತಿ ಮನೆಗೂ ಒಂದು ಕಾರ್ಡ್. ಪೇಪರ್ ಬಾರದ ದಿನ, ರಜೆಯ ದಿನ ಎಲ್ಲ ಅದರಲ್ಲೇ ಗುರುತು. ಒಂದನೇ ತಾರೀಕು ಪೇಪರಿನೊಳಗೆ ಬಿಲ್ ಚೀಟಿ. ಐದರೊಳಗೆ, ಸಂಜೆ, ಮನೆಯವರು ಇರುವ ಹೊತ್ತಿಗೆ ವಸೂಲಿ. ಎರಡನೇ ತಿಂಗಳ ಹತ್ತಕ್ಕೂ ಬರಲಿಲ್ಲವೆಂದರೆ ಹನ್ನೊಂದರಿಂದ ಪೇಪರ್ ಬಂದ್. ‘ಜಗಳ ಆಡಬೇಡ ಕಣೋ, ಪೇಪರ್ ನಿಲ್ಸು. ಬೆಳಿಗ್ಗೆ ಕಾಫಿಗೆ ಪೇಪರ್ ಇಲ್ದಿದ್ರೆ ಅವರೇ ಫೋನ್ ಮಾಡ್ತಾರೆ’ ಎಂದರು.

ಹಾಗೇ ಮಾಡಿದೆ. ಎರಡು ತಿಂಗಳಲ್ಲಿ ಒಂಬತ್ತು ಮನೆ ಬಿಟ್ಟೆ. ಈಗ ಎಪ್ಪತ್ತೊಂದು ಮನೆಯಿಂದ 2,600ರ ಆಸುಪಾಸು ಕೈಗೆ ಬರುತ್ತದೆ. ಮನೆಗಳು ಕಡಿಮೆಯಾಗಿದ್ದರಿಂದ ಬಂಡಲ್ ಸ್ವಲ್ಪ ತಡವಾದರೂ ಬಸ್ ತಪ್ಪುವುದಿಲ್ಲ. ಮಳೆಗಾಲದಲ್ಲಿ ಒದ್ದೆಯಾದ ಪ್ರತಿಗಳ ನಷ್ಟ ಈಗಲೂ ನನ್ನದೇ. ಅದಕ್ಕೆ ತಿಂಗಳಿಗೆ ನೂರು ರೂಪಾಯಿ ಬೇರೆ ಎತ್ತಿಡುತ್ತೇನೆ.

ಲೈನ್ ಹಿಡಿಯಬೇಕೆಂದಿರುವ ಗೆಳೆಯರಿಗೆ ನನ್ನ ಮಾತಿಷ್ಟು. ಮೊದಲ ಆರು ತಿಂಗಳು ಸಂಬಳಕ್ಕೇ ಹೋಗಿ, ಯಾವ ಮನೆ ಯಾವಾಗ ಕೊಡುತ್ತದೆ ಎಂದು ನೋಡಿಕೊಳ್ಳಿ. ಲೈನ್ ಕೊಡುವವರನ್ನು ಎಷ್ಟು ಮನೆ ಎಂದು ಕೇಳಬೇಡಿ. ಹತ್ತನೇ ತಾರೀಕಿಗೆ ಎಷ್ಟು ಮನೆ ಬಿಲ್ ಕೊಡುತ್ತವೆ ಎಂದು ಕೇಳಿ, ಹಳೇ ವಸೂಲಿ ಪುಸ್ತಕ ತೋರಿಸಲು ಹೇಳಿ. ಒಂದು ತಿಂಗಳ ಬಾಕಿಯನ್ನು ತಡೆದುಕೊಳ್ಳುವಷ್ಟು ಹಣ ಕೈಯಲ್ಲಿಲ್ಲದಿದ್ದರೆ ಸ್ವಂತ ಲೈನ್ ಬೇಡ. ಜೊತೆಗೆ ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. 16ರಿಂದ 59 ವರ್ಷದವರಿಗೆ ಅವಕಾಶವಿದೆ. ಕತ್ತಲಲ್ಲಿ ಸೈಕಲ್ ತುಳಿಯುವವರಿಗೆ ಅಪಘಾತ ದೂರದ ಮಾತಲ್ಲ.

ಪೇಪರ್ ತರಿಸುವ ಮನೆಯವರಲ್ಲೂ ಒಂದು ವಿನಂತಿ. ‘ಮುಂದಿನ ತಿಂಗಳು’ ಎಂದು ನೀವು ಹೇಳಿದಾಗ ಸಾಲ ಕೊಡುತ್ತಿರುವುದು ಪತ್ರಿಕೆಯಲ್ಲ, ಏಜೆಂಟರೂ ಅಲ್ಲ. ನಿಮ್ಮ ಗೇಟಿನ ಮುಂದೆ ನಿಂತ ಹುಡುಗ. ಊರಿಗೆ ಹೋಗುವಾಗ ಬೀಗ ಹಾಕುವ ಮುನ್ನ ಅವನಿಗೊಂದು ಮಾತು ಹೇಳಿ ಹೋಗಿ.