ತಪ್ಪನ್ನು ತಿದ್ದದೆ ಅನುವಾದಿಸಿ

ಮನೆಯಲ್ಲಿ ಇಂಗ್ಲಿಷ್ ಓದಬಲ್ಲ ಹುಡುಗ ಹುಡುಗಿಯರಿಗೆ ಸಂಬಳವಿಲ್ಲದ ಒಂದು ಕೆಲಸ ಇದ್ದೇ ಇರುತ್ತದೆ. ಅಜ್ಜಿಯ ಮಾತ್ರೆ ಚೀಟಿ, ಬ್ಯಾಂಕಿನ ಪತ್ರ, ಗ್ಯಾಸ್ ಕಂಪನಿಯ ಮೆಸೇಜು, ಎಲ್ಲವನ್ನೂ ಕನ್ನಡದಲ್ಲಿ ಹೇಳುವುದು. ಈಚೆಗೆ ಈ ಕೆಲಸ ಹೆಚ್ಚಾಗಿ ಸ್ಕ್ರೀನ್‌ಶಾಟ್ ರೂಪದಲ್ಲಿ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಅದರ ಕೆಳಗೆ ಇರುವುದು ಒಂದೇ ಪ್ರಶ್ನೆ: 'ಇದೇನು ನೋಡು ಮಗಾ.' ಅನುಮಾನ ಹುಟ್ಟಿಸುವ ಮೆಸೇಜನ್ನು ಅನುವಾದಿಸುವಾಗ ನಾವು ಚೆಂದದ ಕನ್ನಡ ಬರೆಯಬಾರದು ಎಂಬುದು ನನ್ನ ವಾದ.

ಒಂದು ಉದಾಹರಣೆಯಿಂದಲೇ ಹೇಳುತ್ತೇನೆ. ತುಮಕೂರು ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮ ಒಂದು ಸಂಜೆ ಸ್ಕ್ರೀನ್‌ಶಾಟ್ ಕಳಿಸಿದರು. ಕೆಲವು ವರ್ಷಗಳಿಂದ ದೇಶದ ತುಂಬಾ ಓಡಾಡುತ್ತಿರುವ ಕರೆಂಟಿನ ಮೆಸೇಜು ಅದು. ಇದ್ದದ್ದನ್ನು ಇದ್ದ ಹಾಗೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: 'ಪ್ರಿಯ ಗ್ರಾಹಕ, ನಿಮ್ಮ ವಿದ್ಯುತ್ ಶಕ್ತಿ ಇಂದು ರಾತ್ರಿ 9.30ಕ್ಕೆ ವಿದ್ಯುತ್ ಕಚೇರಿಯಿಂದ ಕಡಿತಗೊಳ್ಳುವುದು, ಏಕೆಂದರೆ ನಿಮ್ಮ ಹಿಂದಿನ ತಿಂಗಳ ಬಿಲ್ಲು ಅಪ್‌ಡೇಟ್ ಆಗಿರಲಿಲ್ಲ. ಕೂಡಲೇ ನಮ್ಮ ವಿದ್ಯುತ್ ಅಧಿಕಾರಿ ಜೊತೆಗೆ ಸಂಪರ್ಕಿಸಿ.' ಕೊನೆಯಲ್ಲಿ ಒಂದು ಮೊಬೈಲ್ ನಂಬರ್.

ಸಾಮಾನ್ಯವಾಗಿ ನಾವು ಇದನ್ನು ಹೇಗೆ ಹೇಳುತ್ತೇವೆ? 'ಹೋದ ತಿಂಗಳ ಬಿಲ್ ಕಟ್ಟಿಲ್ಲವಂತೆ, ರಾತ್ರಿ ಬೆಸ್ಕಾಂನವರು ಕರೆಂಟ್ ಕಟ್ ಮಾಡ್ತಾರಂತೆ' ಎನ್ನುತ್ತೇವೆ. ಮೆಸೇಜಿನಲ್ಲಿ ಬೆಸ್ಕಾಂ ಎಂಬ ಹೆಸರೇ ಇಲ್ಲ, ಇರುವುದು ಬರೀ 'ವಿದ್ಯುತ್ ಕಚೇರಿ'. 'ಕಟ್ಟಿಲ್ಲ' ಎಂದೂ ಇಲ್ಲ, 'ಅಪ್‌ಡೇಟ್ ಆಗಿರಲಿಲ್ಲ' ಎಂದಿದೆ. ಬಿಲ್ಲನ್ನು ಕಟ್ಟುತ್ತಾರೆ, ಅಪ್‌ಡೇಟ್ ಮಾಡುವುದಿಲ್ಲ. ಮೋಸಗಾರ ಬಿಟ್ಟ ತೂತುಗಳನ್ನೆಲ್ಲ ನಮ್ಮ ಸರಾಗ ಕನ್ನಡ ಮುಚ್ಚಿಬಿಡುತ್ತದೆ. ಮೂಲದಲ್ಲಿ ತೊದಲುವ ಮೆಸೇಜು ನಮ್ಮ ಬಾಯಲ್ಲಿ ಸರ್ಕಾರಿ ಆದೇಶವಾಗುತ್ತದೆ.

ಹಾಗಾಗಿ ನಾನು ದೊಡ್ಡಮ್ಮನಿಗೆ ಅನುವಾದಕ್ಕೂ ಮೊದಲು ಎರಡು ಸಾಲು ಬರೆದೆ: 'ದೊಡ್ಡಮ್ಮ, ಈ ಮೆಸೇಜಿನಿಂದ ಕರೆಂಟು ಹೋಗಲ್ಲ. ಓದಿದ್ದರಿಂದಲೂ ಏನೂ ಆಗಲ್ಲ, ಆ ನಂಬರಿಗೆ ಮಾತ್ರ ಫೋನ್ ಮಾಡಬೇಡಿ.' ಆಮೇಲೆ ಮೇಲಿನ ಅನುವಾದವನ್ನು ಅದರ ವಕ್ರಗಳ ಸಮೇತ ಕಳಿಸಿ, ಬಿಲ್ಲು ಕೈಯಲ್ಲಿಟ್ಟುಕೊಳ್ಳಲು ಹೇಳಿದೆ. ಮೀಟರ್ ಓದುವವರು ಮೆಷಿನ್ನಿನಿಂದ ಹರಿದು ಕೊಡುವ ಆ ಚೀಟಿಯಲ್ಲಿ ಆರ್‌ಆರ್ ನಂಬರ್ ಇರುತ್ತದೆ, ಹೆಸರಿರುತ್ತದೆ, ಕಟ್ಟಬೇಕಾದ ಮೊತ್ತ ಇರುತ್ತದೆ. ಮೆಸೇಜಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಇನ್ನೂ ಮೋಜೆಂದರೆ, ಅವರ ಮನೆಗೆ 2023ರಿಂದ ಗೃಹಜ್ಯೋತಿ ಇದೆ. ಹಿಂದಿನ ತಿಂಗಳ ಚೀಟಿಯಲ್ಲಿ ಕಟ್ಟಬೇಕಾದ ಮೊತ್ತ ಸೊನ್ನೆ. 'ಸೊನ್ನೆ ರೂಪಾಯಿ ಕಟ್ಟಿಲ್ಲ ಅಂತ ಯಾರಾದರೂ ಫ್ಯೂಸ್ ಕೀಳ್ತಾರಾ?' ಎಂದು ಅವರೇ ಕೇಳಿದರು. ಆ ಪ್ರಶ್ನೆ ಅವರಿಂದಲೇ ಬರಲಿ ಎಂದೇ ನಾನು ಕಾದಿದ್ದೆ.

ಎರಡನೆಯ ಗುರುತು ಸ್ಕ್ರೀನ್‌ಶಾಟಿನ ತಲೆಯಲ್ಲಿರುತ್ತದೆ. ಎಷ್ಟೋ ಜನ ಅದನ್ನು ಕತ್ತರಿಸಿ ಕಳಿಸುತ್ತಾರೆ, ಮೇಲಿನ ಭಾಗವನ್ನೂ ಕೇಳಿ ತರಿಸಿಕೊಳ್ಳಬೇಕು. ಬ್ಯಾಂಕು, ವಿದ್ಯುತ್ ಕಂಪನಿಗಳು ಗ್ರಾಹಕರಿಗೆ ಕಳಿಸುವ ಎಸ್‌ಎಂಎಸ್ ಟ್ರಾಯ್ ನಿಯಮದಂತೆ ನೋಂದಾಯಿತ ಹೆಸರಿನಿಂದ ಬರುತ್ತದೆ. ನಡುವೆ ಅಡ್ಡಗೆರೆ ಇರುವ ಇಂಗ್ಲಿಷ್ ಅಕ್ಷರಗಳ ಹೆಸರು ಅದು. 2025ರಿಂದ ಅದರ ಕೊನೆಗೆ ಇನ್ನೊಂದು ಅಕ್ಷರ ಸೇರಿದೆ: ಜಾಹೀರಾತಿಗೆ P, ಸೇವೆಗೆ S, ವಹಿವಾಟಿಗೆ T, ಸರ್ಕಾರಕ್ಕೆ G. ದೊಡ್ಡಮ್ಮನಿಗೆ ಬಂದದ್ದು ಯಾರದೋ ಹತ್ತಂಕಿಯ ಮೊಬೈಲ್ ನಂಬರಿನಿಂದ. ಮದುವೆಗೆ ಕರೆಯಲು ಆ ನಂಬರ್ ಸಾಕು, ಬಿಲ್ಲಿನ ಬಾಕಿ ಹೇಳಲು ಸಾಲದು.

ಮೂರನೆಯದು ಗಡಿಯಾರ. ವಿದ್ಯುತ್ ಕಾಯ್ದೆ 2003ರ 56ನೇ ಸೆಕ್ಷನ್ ಪ್ರಕಾರ, ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಸಂಜೆ ಹೇಳಿ ರಾತ್ರಿ ಕಡಿಯುವ ಪದ್ಧತಿ ಇಲ್ಲ. ರಾತ್ರಿ 9.30 ಎಂಬ ಸಮಯವನ್ನು ಆರಿಸಿರುವುದಕ್ಕೂ ಕಾರಣವಿದೆ. ಕಚೇರಿ ಮುಚ್ಚಿರುತ್ತದೆ, ವಿಚಾರಿಸಲು ಆ 'ಅಧಿಕಾರಿ'ಯ ನಂಬರ್ ಬಿಟ್ಟು ಬೇರೆ ದಾರಿ ಹೊಳೆಯುವುದಿಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ರಾತ್ರಿ ಕರೆಂಟು ಹೋಗುವುದು ಹೊಸದಲ್ಲ. ಕಾಕತಾಳೀಯವಾಗಿ ಅದೇ ಹೊತ್ತಿಗೆ ಹೋದರೆ ಮೆಸೇಜು ನಿಜವಾಗಿಬಿಡುತ್ತದೆ! ಅದಕ್ಕೇ ಮುಂಚೆಯೇ ಹೇಳಿಟ್ಟೆ: 'ಒಂಬತ್ತೂವರೆಗೆ ಹೋದರೆ ಪಕ್ಕದ ಮನೆ ಕಡೆ ನೋಡಿ. ಅಲ್ಲೂ ಕತ್ತಲಿದ್ದರೆ ಅದು ಲೈನಿನ ತೊಂದರೆ, 1912ಕ್ಕೆ ಮಾಡಿ.'

ಆ ನಂಬರಿಗೆ ಫೋನ್ ಮಾಡಿದವರಿಗೆ ಏನಾಗುತ್ತದೆ? ಕರೆ ಮಾಡಿದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಆ ಕಡೆಯವನು ಮರ್ಯಾದೆಯಿಂದಲೇ ಮಾತಾಡಿ, 'ಅಪ್‌ಡೇಟ್ ಮಾಡಲು ಹತ್ತು ರೂಪಾಯಿ ಕಟ್ಟಿ, ಈ ಆ್ಯಪ್ ಹಾಕಿಕೊಳ್ಳಿ' ಎನ್ನುತ್ತಾನೆ. ಅದು ಸಾಮಾನ್ಯವಾಗಿ ನಮ್ಮ ಫೋನಿನ ಪರದೆಯನ್ನು ದೂರದಲ್ಲಿರುವವರಿಗೆ ತೋರಿಸುವ ಆ್ಯಪ್. ಕಂಪ್ಯೂಟರ್ ರಿಪೇರಿಯವರು ನ್ಯಾಯವಾಗಿ ಬಳಸುವ ಸಾಧನವೇ ಅದು. ಹತ್ತು ರೂಪಾಯಿ ಕಟ್ಟುವಾಗ ನಾವು ಒತ್ತುವ ಅಂಕಿ, ಬರುವ ಒಟಿಪಿ ಎಲ್ಲವೂ ಅವನಿಗೆ ಕಾಣುತ್ತದೆ. ಹಾಗಾಗಿ ಯಾರಾದರೂ ಆ್ಯಪ್ ಹಾಕಿಕೊಂಡಿದ್ದರೆ ಇಂಟರ್ನೆಟ್ ಬಂದ್ ಮಾಡಿ, ಆ್ಯಪ್ ತೆಗೆದು, ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ನಾನು ಹೇಳಿದ ಗುರುತುಗಳು ಎಲ್ಲ ಕಾಲಕ್ಕೂ ಸಾಲುವುದಿಲ್ಲ ಎಂಬುದನ್ನೂ ಒಪ್ಪಬೇಕು. ಮುಂದಿನ ಮೆಸೇಜು ಶುದ್ಧ ಕನ್ನಡದಲ್ಲೇ ಬರಬಹುದು, ಅದರಲ್ಲಿ ಹೆಸರೂ ಆರ್‌ಆರ್ ನಂಬರೂ ಇರಬಹುದು. ಆಗಲೂ ಉಳಿಯುವ ನಿಯಮ ಒಂದಿದೆ. ಮೆಸೇಜು ನಿಜವೋ ಸುಳ್ಳೋ ಎಂದು ಅದರಲ್ಲೇ ಇರುವ ನಂಬರನ್ನು ಕೇಳಬಾರದು. ಬಿಲ್ಲಿನ ಹಿಂದೆ ಮುಂದೆ ಅಚ್ಚಾದ ನಂಬರನ್ನೋ 1912 ಅನ್ನೋ ಕೇಳಬೇಕು. ಕರೆಂಟು ನಿಜವಾಗಿ ಬಾಕಿ ಇದ್ದರೂ ಹೀಗೆ ಕೇಳಿದ್ದರಿಂದ ನಷ್ಟವೇನಿಲ್ಲ.

ಇಂಥ ಮೆಸೇಜು ಬಂದ ಕೂಡಲೇ ಕುಟುಂಬದ ಗುಂಪಿನಲ್ಲಿ ಕೆಂಪು ಗುರುತು ಹಾಕಿ 'ಎಚ್ಚರ! ಮುಟ್ಟಿದರೆ ಖಾತೆ ಖಾಲಿ!' ಎಂದು ಹಾಕುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಗಾಬರಿಯಾದವರು ಬಿಲ್ಲು ಹುಡುಕಿ ತಾಳೆ ನೋಡುವುದಿಲ್ಲ, ಮುಂದಿನ ಸಲ ಬೈಗುಳದ ಭಯಕ್ಕೆ ಸ್ಕ್ರೀನ್‌ಶಾಟನ್ನೂ ಕಳಿಸುವುದಿಲ್ಲ. ಮೆಸೇಜನ್ನೇ ಫಾರ್ವರ್ಡ್ ಮಾಡಿದರೆ ಒತ್ತಿದರೆ ಸಾಕು ಎನ್ನುವಂತೆ ಅದರ ಲಿಂಕೂ ನಂಬರೂ ಜೀವಂತವಾಗಿ ಹೋಗುತ್ತವೆ, ಸ್ಕ್ರೀನ್‌ಶಾಟ್ ಬರೀ ಚಿತ್ರ. ದೊಡ್ಡಮ್ಮ ಮಾಡಿದ್ದು ಸರಿಯಾದ ಕೆಲಸವೇ ಆಗಿತ್ತು, ಅದನ್ನೂ ಅವರಿಗೆ ಹೇಳಿದೆ. ಈಗ ಅವರು ಸ್ಕ್ರೀನ್‌ಶಾಟ್ ಜೊತೆಗೆ ಬಿಲ್ಲಿನ ಫೋಟೊವನ್ನೂ ಕಳಿಸುತ್ತಾರೆ.