ಉಸಿರಿನ ಪರೀಕ್ಷೆ ಪಾಸಿಟಿವ್ ಬಂದರೆ ‘ಸಿಬೋ’ ಇದೆ ಎಂದೇ ಅರ್ಥವೇ? ಗುಣವಾದದ್ದು ಮತ್ತೆ ಮರುಕಳಿಸುವುದೇಕೆ?

ಊಟವಾದ ಸ್ವಲ್ಪ ಹೊತ್ತಿಗೆ ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ತೇಗು ಬರುತ್ತದೆ, ಕೆಲವೊಮ್ಮೆ ಭೇದಿಯೂ ಆಗುತ್ತದೆ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿದರೂ ಕಡಿಮೆಯಾಗುವುದಿಲ್ಲ. ಇಂಥ ತೊಂದರೆ ಇರುವವರು ಇಂಟರ್ನೆಟ್‌ನಲ್ಲಿ ಹುಡುಕಿದರೆ ಈಗ ಬೇಗನೆ ಎದುರಾಗುವ ಹೆಸರು ‘ಸಿಬೋ’. ಸ್ಮಾಲ್ ಇಂಟೆಸ್ಟೈನಲ್ ಬ್ಯಾಕ್ಟೀರಿಯಲ್ ಓವರ್‌ಗ್ರೋತ್ ಎಂಬುದರ ಚಿಕ್ಕ ರೂಪ ಅದು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಇರಬೇಕಾದ್ದಕ್ಕಿಂತ ಹೆಚ್ಚು ಬೆಳೆದಿವೆ ಎಂದು ಇದರ ಅರ್ಥ. ಒಂದು ಉಸಿರಿನ ಪರೀಕ್ಷೆ ಮಾಡಿಸಿ, ಎರಡು ವಾರ ಆಂಟಿಬಯಾಟಿಕ್ ತೆಗೆದುಕೊಂಡರೆ ಸರಿಹೋಗುತ್ತದೆ ಎಂಬ ಸಲಹೆಯೂ ಜೊತೆಗೇ ಸಿಗುತ್ತದೆ.

ಸಿಬೋ ನಿಜವಾದ ಕಾಯಿಲೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಪರೀಕ್ಷೆ ಏನನ್ನು ಅಳೆಯುತ್ತದೆ, ಔಷಧಿ ಏನನ್ನು ಸರಿಪಡಿಸುತ್ತದೆ ಎಂದು ನೋಡಿದರೆ ವಿಷಯ ಇಷ್ಟು ಸರಳವಲ್ಲ ಎಂದು ತಿಳಿಯುತ್ತದೆ. ಈ ಬರಹದಲ್ಲಿ ನಾವು ಅದನ್ನೇ ವಿವರಿಸುತ್ತೇವೆ.

ಸಣ್ಣ ಕರುಳು ಸ್ವಚ್ಛವಾಗಿ ಉಳಿಯುವುದು ಹೇಗೆ?

ದೊಡ್ಡ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ತುಂಬಿ ತುಳುಕುತ್ತವೆ. ಅಲ್ಲಿ ಒಂದು ಗ್ರಾಂ ಮಲದಲ್ಲಿ ಹತ್ತಾರು ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ಮಾತ್ರ ಒಂದು ಮಿಲಿಲೀಟರ್ ದ್ರವದಲ್ಲಿ ಸಾಮಾನ್ಯವಾಗಿ ಸಾವಿರಕ್ಕಿಂತ ಕಡಿಮೆ. ಎರಡೂ ಒಂದೇ ಕೊಳವೆಯ ಭಾಗಗಳಾಗಿದ್ದರೂ ಇಷ್ಟು ವ್ಯತ್ಯಾಸ ಹೇಗೆ?

ಇದಕ್ಕೆ ಕೆಲವು ಕಾವಲುಗಳಿವೆ. ಹೊಟ್ಟೆಯ ಆಮ್ಲ ಆಹಾರದ ಜೊತೆ ಬರುವ ಬಹುಪಾಲು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿರುವ ಕವಾಟ ಕೆಳಗಿನದ್ದು ಮೇಲಕ್ಕೆ ಬರದಂತೆ ತಡೆಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಕರುಳಿನ ‘ಕಸ ಗುಡಿಸುವ ಅಲೆ’. ನಾವು ಏನೂ ತಿನ್ನದೆ ಇರುವಾಗ ಸುಮಾರು ಒಂದೂವರೆಯಿಂದ ಎರಡು ಗಂಟೆಗೊಮ್ಮೆ ಜಠರದಿಂದ ಸಣ್ಣ ಕರುಳಿನ ಕೊನೆಯವರೆಗೆ ಬಲವಾದ ಸಂಕೋಚನಗಳ ಅಲೆಯೊಂದು ಸಾಗುತ್ತದೆ. ಉಳಿದ ಆಹಾರದ ಚೂರು, ಸತ್ತ ಜೀವಕೋಶ, ಬ್ಯಾಕ್ಟೀರಿಯಾ ಎಲ್ಲವನ್ನೂ ಅದು ಮುಂದಕ್ಕೆ ತಳ್ಳುತ್ತದೆ. ಏನಾದರೂ ತಿಂದ ಕೂಡಲೇ ಈ ಅಲೆ ನಿಲ್ಲುತ್ತದೆ. 1977ರಲ್ಲಿ ಬೆಲ್ಜಿಯಂನ ಸಂಶೋಧಕರು ಈ ಅಲೆ ಇಲ್ಲದವರ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿರುವುದನ್ನು ತೋರಿಸಿದರು.

ಈ ಕಾವಲುಗಳಲ್ಲಿ ಒಂದು ಕೆಟ್ಟರೆ ಸಿಬೋಗೆ ದಾರಿಯಾಗುತ್ತದೆ. ಹಲವು ವರ್ಷಗಳ ಮಧುಮೇಹದಿಂದ ಕರುಳಿನ ನರಗಳು ದುರ್ಬಲವಾಗಬಹುದು. ಸ್ಕ್ಲೆರೋಡರ್ಮಾ ಎಂಬ ಕಾಯಿಲೆಯಲ್ಲಿ ಕರುಳಿನ ಸ್ನಾಯುವೇ ಗಟ್ಟಿಯಾಗುತ್ತದೆ. ಹಳೆಯ ಶಸ್ತ್ರಚಿಕಿತ್ಸೆಯಿಂದ ಕರುಳು ಅಂಟಿಕೊಂಡಿರಬಹುದು, ಅಥವಾ ಹರಿವಿಲ್ಲದ ಒಂದು ಮೂಲೆ ಉಳಿದಿರಬಹುದು. ಮಾರ್ಫಿನ್‌ನಂಥ ನೋವಿನ ಔಷಧಿಗಳು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಈ ಪಟ್ಟಿಯನ್ನು ನೆನಪಿಡಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಉಸಿರಿನಲ್ಲಿ ಕರುಳಿನ ಸುದ್ದಿ

ಮನುಷ್ಯನ ಜೀವಕೋಶಗಳು ಹೈಡ್ರೋಜನ್ ಅನಿಲವನ್ನು ತಯಾರಿಸುವುದಿಲ್ಲ. ಅದು ಉಸಿರಿನಲ್ಲಿ ಕಂಡರೆ, ಕರುಳಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುದುಗಿಸಿದಾಗ ಹುಟ್ಟಿ, ರಕ್ತಕ್ಕೆ ಸೇರಿ, ಶ್ವಾಸಕೋಶದ ಮೂಲಕ ಹೊರಬಂದದ್ದು ಎಂದು ತಿಳಿಯಬಹುದು. ಪರೀಕ್ಷೆಯ ಅಡಿಪಾಯ ಇದೇ.

ಪರೀಕ್ಷೆಯ ಹಿಂದಿನ ದಿನ ಬೇಳೆ, ಹಾಲು, ನಾರಿನಂಶ ಹೆಚ್ಚಿರುವ ಪದಾರ್ಥ ಬಿಟ್ಟು ಅನ್ನದಂಥ ಸರಳ ಆಹಾರ ತಿನ್ನಬೇಕು. ರಾತ್ರಿಯಿಂದ 8ರಿಂದ 12 ಗಂಟೆ ಉಪವಾಸ ಇರಬೇಕು. ನಾಲ್ಕು ವಾರಗಳಿಂದ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ಬೆಳಗ್ಗೆ ಮೊದಲ ಉಸಿರಿನ ಮಾದರಿ ಕೊಟ್ಟ ಮೇಲೆ 75 ಗ್ರಾಂ ಗ್ಲೂಕೋಸ್ ಅಥವಾ 10 ಗ್ರಾಂ ಲ್ಯಾಕ್ಟುಲೋಸ್ ಬೆರೆಸಿದ ನೀರು ಕುಡಿಯಬೇಕು. ಆಮೇಲೆ ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಉಸಿರನ್ನು ಊದುತ್ತಿರಬೇಕು. 2017ರಲ್ಲಿ ಉತ್ತರ ಅಮೆರಿಕದ ತಜ್ಞರು ಒಪ್ಪಿಕೊಂಡ ಮಾನದಂಡದ ಪ್ರಕಾರ, 90 ನಿಮಿಷದೊಳಗೆ ಹೈಡ್ರೋಜನ್ 20 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಪಾಸಿಟಿವ್.

ಒಂದೇ ಅಂಕಿ, ಎರಡು ಅರ್ಥ

ಒಂದು ಉದಾಹರಣೆ ಊಹಿಸಿಕೊಳ್ಳೋಣ. ಹೊಟ್ಟೆ ಉಬ್ಬರ ಮತ್ತು ಭೇದಿ ಇರುವ ಮಹಿಳೆಯೊಬ್ಬರು ಲ್ಯಾಕ್ಟುಲೋಸ್ ಕುಡಿದಿದ್ದಾರೆ. ಮೊದಲಿಗೆ ಅವರ ಉಸಿರಿನಲ್ಲಿದ್ದ ಹೈಡ್ರೋಜನ್ 4 ಪಿಪಿಎಂ. 30 ನಿಮಿಷಕ್ಕೆ 6, 60 ನಿಮಿಷಕ್ಕೆ 9, 75 ನಿಮಿಷಕ್ಕೆ 31, 90 ನಿಮಿಷಕ್ಕೆ 46. ಏರಿಕೆ 20 ದಾಟಿದೆ, ಅದೂ 90 ನಿಮಿಷದೊಳಗೆ. ವರದಿಯಲ್ಲಿ ‘ಪಾಸಿಟಿವ್’ ಎಂದು ಬರುತ್ತದೆ.

ಆದರೆ ಲ್ಯಾಕ್ಟುಲೋಸ್ ನಮ್ಮ ದೇಹ ಹೀರಿಕೊಳ್ಳಲಾಗದ ಸಕ್ಕರೆ. ಅದು ಎಲ್ಲರಲ್ಲೂ ಕೊನೆಗೆ ದೊಡ್ಡ ಕರುಳನ್ನು ತಲುಪಿಯೇ ತಲುಪುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಸಹಜವಾಗಿಯೇ ಇರುವುದರಿಂದ ಹೈಡ್ರೋಜನ್ ಏರಲೇಬೇಕು. ಹಾಗಾಗಿ 75ನೇ ನಿಮಿಷದ ಏರಿಕೆಯನ್ನು ಎರಡು ರೀತಿ ಓದಬಹುದು. ಸಣ್ಣ ಕರುಳಿನಲ್ಲೇ ಬ್ಯಾಕ್ಟೀರಿಯಾ ಇವೆ ಎನ್ನಬಹುದು. ಅಥವಾ ಈ ಮಹಿಳೆಯ ಕರುಳು ವೇಗವಾಗಿ ಓಡುತ್ತಿದ್ದು, ದ್ರಾವಣ 75 ನಿಮಿಷಕ್ಕೇ ದೊಡ್ಡ ಕರುಳು ಮುಟ್ಟಿದೆ ಎನ್ನಬಹುದು. ಭೇದಿ ಇರುವವರಲ್ಲಿ ಎರಡನೆಯದು ಅಪರೂಪವಲ್ಲ. ಲ್ಯಾಕ್ಟುಲೋಸ್ ತಾನೇ ಮಲಬದ್ಧತೆಯ ಔಷಧಿಯೂ ಆಗಿರುವುದರಿಂದ ಕರುಳನ್ನು ಇನ್ನಷ್ಟು ಓಡಿಸುತ್ತದೆ.

2011ರಲ್ಲಿ ಕೆನಡಾದ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಐಬಿಎಸ್ ಇರುವವರಿಗೆ ಲ್ಯಾಕ್ಟುಲೋಸ್ ಜೊತೆಗೆ ಸ್ಕ್ಯಾನ್‌ನಲ್ಲಿ ಕಾಣುವ ವಿಕಿರಣಶೀಲ ವಸ್ತುವನ್ನೂ ಕುಡಿಸಿ, ಅದು ಎಲ್ಲಿ ಹೋಗುತ್ತಿದೆ ಎಂದು ನೋಡಿದರು. ಬಹುಪಾಲು ಜನರಲ್ಲಿ ಹೈಡ್ರೋಜನ್ ಏರುವ ಹೊತ್ತಿಗೆ ಆ ವಸ್ತು ಆಗಲೇ ದೊಡ್ಡ ಕರುಳಿಗೆ ಬಂದಿತ್ತು. ಅಂದರೆ ಪರೀಕ್ಷೆ ಅಳೆದದ್ದು ಸಿಬೋವನ್ನಲ್ಲ, ಕರುಳಿನ ವೇಗವನ್ನು.

ಗ್ಲೂಕೋಸ್ ಬಳಸಿದರೆ ಈ ತೊಂದರೆ ಕಡಿಮೆ. ಅದು ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಲ್ಪಡುತ್ತದೆ, ಸಾಮಾನ್ಯವಾಗಿ ದೊಡ್ಡ ಕರುಳಿಗೆ ಹೋಗುವುದಿಲ್ಲ. ಆದರೆ ಅದೇ ಕಾರಣಕ್ಕೆ ಸಣ್ಣ ಕರುಳಿನ ಕೆಳಭಾಗದಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಅದು ಸಿಗುವುದಿಲ್ಲ. ಅಲ್ಲಿ ಸಿಬೋ ಇದ್ದರೆ ಪರೀಕ್ಷೆ ನೆಗೆಟಿವ್ ಬರಬಹುದು.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಅರ್ಥ ಮಾಡಿಕೊಳ್ಳೋಣ. ಹೊಟ್ಟೆ ಉಬ್ಬರದ 100 ಜನರಲ್ಲಿ 20 ಜನರಿಗೆ ನಿಜವಾಗಿ ಸಿಬೋ ಇದೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಅವರಲ್ಲಿ ಅರ್ಧದಷ್ಟು ಜನರನ್ನು, ಅಂದರೆ 10 ಜನರನ್ನು ಹಿಡಿಯುತ್ತದೆ. ಸಿಬೋ ಇಲ್ಲದ 80 ಜನರಲ್ಲಿ ಐದರಲ್ಲಿ ಒಬ್ಬರಿಗೆ ತಪ್ಪಾಗಿ ಪಾಸಿಟಿವ್ ತೋರಿಸಿದರೆ ಅವರು 16 ಜನ. ಒಟ್ಟು 26 ಪಾಸಿಟಿವ್ ವರದಿಗಳಲ್ಲಿ 10 ಮಾತ್ರ ಸರಿ. ಉಸಿರಿನ ಪರೀಕ್ಷೆಯ ನಿಖರತೆ ಹೆಚ್ಚುಕಡಿಮೆ ಈ ಮಟ್ಟದಲ್ಲಿದೆ ಎಂದೇ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ಹೇಳುತ್ತವೆ. ಹಾಗೆಂದು ಪರೀಕ್ಷೆ ವ್ಯರ್ಥವೇನಲ್ಲ. ಮೇಲೆ ಹೇಳಿದ ಕಾರಣಗಳಲ್ಲಿ ಒಂದು ಇರುವವರಲ್ಲಿ ಸಿಬೋ ಇರುವ ಸಾಧ್ಯತೆ ಮೊದಲೇ ಹೆಚ್ಚಿರುತ್ತದೆ. ಅಂಥವರಲ್ಲಿ ಪಾಸಿಟಿವ್ ವರದಿಗೆ ಹೆಚ್ಚು ತೂಕವಿದೆ.

ಹಾಗಾದರೆ ಎಂಡೋಸ್ಕೋಪಿ ಮೂಲಕ ಸಣ್ಣ ಕರುಳಿನ ದ್ರವ ತೆಗೆದು ಬ್ಯಾಕ್ಟೀರಿಯಾ ಎಣಿಸಬಾರದೇ? ಎಣಿಸಬಹುದು. ಆದರೆ ಕೊಳವೆ ಬಾಯಿಯ ಮೂಲಕವೇ ಹೋಗುವುದರಿಂದ ಬಾಯಿಯ ಬ್ಯಾಕ್ಟೀರಿಯಾ ಬೆರೆಯುತ್ತವೆ. ಕರುಳಿನ ಹಲವು ಬ್ಯಾಕ್ಟೀರಿಯಾಗಳು ಲ್ಯಾಬ್‌ನಲ್ಲಿ ಬೆಳೆಯುವುದೂ ಇಲ್ಲ. ಎಷ್ಟಿದ್ದರೆ ಹೆಚ್ಚು ಎಂಬುದೂ ಬದಲಾಗಿದೆ. ಹಿಂದೆ ಒಂದು ಮಿಲಿಲೀಟರ್‌ಗೆ ಒಂದು ಲಕ್ಷ ಎನ್ನುತ್ತಿದ್ದರು, 2017ರ ಒಪ್ಪಂದ ಅದನ್ನು ಒಂದು ಸಾವಿರಕ್ಕೆ ಇಳಿಸಿತು.

ಆಂಟಿಬಯಾಟಿಕ್ ಏನು ಮಾಡುತ್ತದೆ?

ಹೆಚ್ಚಾಗಿ ಬಳಸುವ ಔಷಧಿ ರಿಫಾಕ್ಸಿಮಿನ್. ನುಂಗಿದ ಮೇಲೆ ಇದು ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕರುಳಿನಲ್ಲೇ ಉಳಿದು ಕೆಲಸ ಮಾಡುತ್ತದೆ. ಹಾಗಾಗಿ ಅಡ್ಡಪರಿಣಾಮಗಳೂ ಕಡಿಮೆ. ವೈದ್ಯರು ಸಾಮಾನ್ಯವಾಗಿ 550 ಮಿಲಿಗ್ರಾಂನ ಮಾತ್ರೆಯನ್ನು ದಿನಕ್ಕೆ ಮೂರು ಬಾರಿ, ಎರಡು ವಾರ ಕೊಡುತ್ತಾರೆ. ಅಮೆರಿಕದ ಎಫ್‌ಡಿಎ 2015ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಭೇದಿ ಇರುವ ಐಬಿಎಸ್‌ಗೆ, ಸಿಬೋಗೆ ಅಲ್ಲ. ಸಿಬೋಗೆ ವೈದ್ಯರು ತಮ್ಮ ವಿವೇಚನೆಯಿಂದ ಬಳಸುತ್ತಾರೆ.

ಉಸಿರಿನಲ್ಲಿ ಹೈಡ್ರೋಜನ್ ಬದಲು ಮೀಥೇನ್ ಹೆಚ್ಚಿದ್ದರೆ ಕಥೆ ಬೇರೆ. ಮೀಥೇನ್ ತಯಾರಿಸುವ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಆರ್ಕಿಯಾ ಎಂಬ ಬೇರೆ ಗುಂಪಿನವು. ಅವು ದೊಡ್ಡ ಕರುಳಿನಲ್ಲೂ ಇರುತ್ತವೆ. ಇಂಥವರಲ್ಲಿ ಭೇದಿಗಿಂತ ಮಲಬದ್ಧತೆ ಹೆಚ್ಚು. ರಿಫಾಕ್ಸಿಮಿನ್ ಒಂದೇ ಸಾಲದೆ ನಿಯೋಮೈಸಿನ್ ಎಂಬ ಇನ್ನೊಂದು ಔಷಧಿಯನ್ನೂ ಸೇರಿಸಬೇಕಾಗಬಹುದು.

ಮತ್ತೆ ಬರುವುದೇಕೆ?

ಇಟಲಿಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಿಫಾಕ್ಸಿಮಿನ್‌ನಿಂದ ಪರೀಕ್ಷೆ ನೆಗೆಟಿವ್ ಆದ 80 ಜನರನ್ನು ಗಮನಿಸಿದರು. ಮೂರು ತಿಂಗಳಿಗೆ 10 ಜನರಿಗೆ, ಆರು ತಿಂಗಳಿಗೆ 22 ಜನರಿಗೆ, ಒಂಬತ್ತು ತಿಂಗಳ ಹೊತ್ತಿಗೆ 35 ಜನರಿಗೆ ಮತ್ತೆ ಪಾಸಿಟಿವ್ ಬಂದಿತ್ತು. ವಯಸ್ಸಾದವರಲ್ಲಿ, ಅಪೆಂಡಿಕ್ಸ್ ತೆಗೆಸಿಕೊಂಡವರಲ್ಲಿ ಮತ್ತು ಆಮ್ಲ ಕಡಿಮೆ ಮಾಡುವ ಮಾತ್ರೆಗಳನ್ನು ದೀರ್ಘಕಾಲ ನುಂಗುತ್ತಿದ್ದವರಲ್ಲಿ ಇದು ಹೆಚ್ಚಿತ್ತು.

ಔಷಧಿ ಸೋತಿತು ಎಂದು ಇದರ ಅರ್ಥವಲ್ಲ. ಮೋರಿಯಲ್ಲಿ ನೀರು ಕಟ್ಟಿಕೊಂಡು ಸೊಳ್ಳೆ ಬಂದಿವೆ ಎಂದುಕೊಳ್ಳಿ. ಔಷಧಿ ಹೊಡೆದರೆ ಸೊಳ್ಳೆ ಸಾಯುತ್ತವೆ, ನೀರು ಮಾತ್ರ ಅಲ್ಲೇ ಇರುತ್ತದೆ. ಆಂಟಿಬಯಾಟಿಕ್ ಬ್ಯಾಕ್ಟೀರಿಯಾಗಳನ್ನು ತಗ್ಗಿಸುತ್ತದೆ. ನಿಂತ ಅಲೆಯನ್ನು ಅದು ಮತ್ತೆ ಆರಂಭಿಸುವುದಿಲ್ಲ, ಅಂಟಿಕೊಂಡ ಕರುಳನ್ನು ಬಿಡಿಸುವುದಿಲ್ಲ. ಕಾರಣ ಉಳಿದರೆ ಬ್ಯಾಕ್ಟೀರಿಯಾ ಮತ್ತೆ ಬೆಳೆಯುತ್ತವೆ.

ಆದ್ದರಿಂದ ಎರಡನೇ ಸಲ ತೊಂದರೆ ಬಂದಾಗ ಅದೇ ಚೀಟಿ ತೋರಿಸಿ ಮಾತ್ರೆ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಮಧುಮೇಹ ಹತೋಟಿಯಲ್ಲಿದೆಯೇ? ವರ್ಷಗಳಿಂದ ನುಂಗುತ್ತಿರುವ ಪ್ಯಾಂಟೊಪ್ರಜೋಲ್ ಈಗಲೂ ಬೇಕೇ? ಇದನ್ನು ವೈದ್ಯರನ್ನೇ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆಯ ಹಳೆಯ ಶಸ್ತ್ರಚಿಕಿತ್ಸೆಯ ವಿಷಯ ವೈದ್ಯರಿಗೆ ಹೇಳಿದ್ದೀರಾ?

ಇನ್ನೂ ಮುಖ್ಯವಾದ ಪ್ರಶ್ನೆ, ಅದು ಮೊದಲ ಸಲವಾದರೂ ಸಿಬೋ ಆಗಿತ್ತೇ ಎಂಬುದು. ಮೇಲಿನ ಲೆಕ್ಕದಲ್ಲಿ ತಪ್ಪಾಗಿ ಪಾಸಿಟಿವ್ ಬಂದ 16 ಜನರಲ್ಲಿ ‘ಮರುಕಳಿಸಿದ್ದು’ ಸಿಬೋ ಅಲ್ಲ, ಮೊದಲಿನಿಂದಲೂ ಇದ್ದ ಬೇರೆ ತೊಂದರೆ. ಹಾಲಿನ ಸಕ್ಕರೆ ಜೀರ್ಣವಾಗದಿರುವುದು, ಗೋಧಿಯಿಂದ ಆಗುವ ಸೀಲಿಯಾಕ್ ಕಾಯಿಲೆ, ಜಿಯಾರ್ಡಿಯಾ ಸೋಂಕು, ಐಬಿಎಸ್ ಇವೆಲ್ಲ ಇದೇ ರೀತಿ ಹೊಟ್ಟೆ ಉಬ್ಬಿಸುತ್ತವೆ.

ಸಿಬೋ ತೀವ್ರವಾಗಿದ್ದರೆ ರಕ್ತದಲ್ಲೂ ಸುಳಿವು ಸಿಗಬಹುದು. ಬ್ಯಾಕ್ಟೀರಿಯಾಗಳು ನಮ್ಮ ವಿಟಮಿನ್ ಬಿ12 ಅನ್ನು ತಿಂದುಹಾಕುತ್ತವೆ, ಫೋಲೇಟ್ ಅನ್ನು ತಾವೇ ತಯಾರಿಸುತ್ತವೆ. ಹಾಗಾಗಿ ಬಿ12 ಕಡಿಮೆ, ಫೋಲೇಟ್ ಹೆಚ್ಚು ಎಂಬ ವರದಿ ಬಂದರೆ ವೈದ್ಯರು ಸಿಬೋ ಬಗ್ಗೆ ಯೋಚಿಸುತ್ತಾರೆ. ಸಸ್ಯಾಹಾರಿಗಳಲ್ಲಿ ಆಹಾರದಿಂದಲೇ ಬಿ12 ಕಡಿಮೆ ಇರಬಹುದಾದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಕ್ತಹೀನತೆ ಇದ್ದರೆ ಉಸಿರಿನ ಪರೀಕ್ಷೆಗೆ ಕಾಯದೆ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ ಹೇಳುವುದಾದರೆ, ಉಸಿರಿನ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಸಿಬೋ ಇದೆ ಎನ್ನುವುದು ಅರ್ಧ ಸತ್ಯ. ಆಂಟಿಬಯಾಟಿಕ್‌ನಿಂದ ಶಾಶ್ವತವಾಗಿ ಗುಣವಾಗುತ್ತದೆ ಎನ್ನುವುದು ಕಾರಣ ಸರಿಪಡಿಸಲು ಸಾಧ್ಯವಾದವರಿಗೆ ಮಾತ್ರ ನಿಜವಾಗಬಹುದು. ವರದಿ ಕೈಯಲ್ಲಿ ಹಿಡಿದು ವೈದ್ಯರ ಮುಂದೆ ಕುಳಿತಾಗ ‘ಯಾವ ಮಾತ್ರೆ?’ ಎಂದು ಕೇಳುವ ಮೊದಲು ‘ನನ್ನ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಯಾಕೆ ನಿಂತವು?’ ಎಂದು ಕೇಳಿ.