ಎಡಗೈ ಎಲ್ಲಿದೆ? – ಪಾಲಕರಿಗೊಂದು ಪತ್ರ



ಈ ಬೇಸಿಗೆಯ ರಜೆಯಲ್ಲಿ ಸೊಲ್ಲಾಪುರ ಹಾಗೂ ಅಕ್ಕಲಕೋಟೆಯ ಮಕ್ಕಳು ನಮ್ಮ ಬಡಗಿತನದ ಶಿಬಿರಕ್ಕೆ ಬರಲಿದ್ದಾರೆ. ನೋಂದಣಿಗೆ ಬಂದ ಪಾಲಕರಲ್ಲಿ ಅನೇಕರು, ‘ಉಳಿ ಹರಿತವಾಗಿರುತ್ತದಲ್ಲ, ಮಕ್ಕಳಿಗೆ ಮೊಂಡಾದುದನ್ನೇ ಕೊಡಬಾರದೆ?’ ಎಂದು ಕೇಳಿದರು. ಆತಂಕ ಸಹಜವಾದುದು, ಆದರೆ ಪರಿಹಾರ ತಿರುವುಮುರುವಾದುದು. ಹರಿತವಾದ ಉಳಿಯು ಅಂಗೈಯ ಹದವಾದ ಒತ್ತಡಕ್ಕೇ ಮರವನ್ನು ಸೀಳದೆ ಕತ್ತರಿಸುತ್ತದೆ. ಮೊಂಡ ಉಳಿಗೆ ಮಗು ಮೈಭಾರವನ್ನೆಲ್ಲ ಹಾಕಬೇಕಾಗುತ್ತದೆ. ಹಾಗೆ ಹಾಕಿದಾಗ ಉಳಿ ಮರವನ್ನು ಕಚ್ಚದೆ ಜಾರಿದರೆ, ಆ ಭಾರವೆಲ್ಲ ಎದುರಿಗಿರುವುದರ ಮೇಲೆ ಬೀಳುತ್ತದೆ. ಎದುರಿಗೆ ಸಾಮಾನ್ಯವಾಗಿ ಇರುವುದು ಮರವನ್ನು ಹಿಡಿದ ಎಡಗೈ.

ಆದುದರಿಂದ ನಮ್ಮ ಮೊದಲ ನಿಯಮ ಇದು: ಎರಡೂ ಕೈಗಳು ಉಳಿಯ ಅಲಗಿನ ಹಿಂದೆಯೇ ಇರಬೇಕು. ಮರವನ್ನು ಹಿಡಿಯುವ ಕೆಲಸ ಕೈಯದಲ್ಲ, ಮೇಜಿಗೆ ಬಿಗಿದ ಕ್ಲ್ಯಾಂಪಿನದು.

ಮಕ್ಕಳು ಮಾಡುವ ಒಂದು ವಸ್ತುವಿನಿಂದ ಇದನ್ನು ವಿವರಿಸುತ್ತೇನೆ. ಬಿಸಿ ಪಾತ್ರೆಯ ಅಡಿಗಿಡಲು ಎರಡು ಪಟ್ಟಿಗಳನ್ನು ಅಡ್ಡಡ್ಡ ಕೂಡಿಸುತ್ತೇವೆ. ಪ್ರತಿ ಪಟ್ಟಿ 40 ಮಿ.ಮೀ. ಅಗಲ, 20 ಮಿ.ಮೀ. ದಪ್ಪ. ಎರಡರಲ್ಲೂ ನಡುವೆ 10 ಮಿ.ಮೀ. ಆಳದ ಕಚ್ಚು ತೆಗೆದರೆ ಒಂದು ಇನ್ನೊಂದರಲ್ಲಿ ಸಮನಾಗಿ ಕೂಡುತ್ತದೆ. ಮೊದಲು ಕಚ್ಚಿನ ಎರಡು ಗಡಿಗೆರೆಗಳ ಮೇಲೆ ಗರಗಸದಿಂದ 10 ಮಿ.ಮೀ. ಆಳಕ್ಕೆ ಕೊಯ್ಯುತ್ತೇವೆ, ನಡುವೆಯೂ ಎರಡು ಮೂರು ಗೀರು ಕೊಯ್ದರೆ ಉಳಿಯ ಕೆಲಸ ಹಗುರ. ಬಳಿಕ ಪಟ್ಟಿಯನ್ನು ಬಿಗಿದು, ಉಳಿಯ ಚಪ್ಪಟೆ ಮೈಯನ್ನು ಕೆಳಗಿಟ್ಟು, ಒಂದು ಮಗ್ಗುಲಿನಿಂದ ತೆಳುವಾದ ಪದರುಗಳನ್ನು ತೆಗೆಯುತ್ತಾ ಅರ್ಧದವರೆಗೆ ಮಾತ್ರ ಹೋಗಬೇಕು. ಅಲ್ಲಿ ನಿಲ್ಲಿಸಿ, ಇನ್ನೊಂದು ಮಗ್ಗುಲಿನಿಂದ ಉಳಿದರ್ಧವನ್ನು ತೆಗೆಯಬೇಕು. ಒಂದೇ ಕಡೆಯಿಂದ ಆಚೆಗೆ ತಳ್ಳಿದರೆ ಆಚೆಯಂಚು ಸಿಗಿದು ಹೋಗುತ್ತದೆ. ಅಷ್ಟೇ ಅಲ್ಲ, ತಡೆ ತಟ್ಟನೆ ತಪ್ಪಿ ಉಳಿ ಮುನ್ನುಗ್ಗುತ್ತದೆ. ಈ ಕೆಲಸದಲ್ಲಿ ಬಲಗೈ ಹಿಡಿಯನ್ನು ತಳ್ಳುತ್ತದೆ, ಎಡಗೈಯ ಬೆರಳುಗಳು ಅಲಗಿನ ಹಿಂದೆ ಉಳಿಯ ಮೈಯನ್ನು ಹಿಡಿದು ತಡೆಯುತ್ತವೆ. ಆ ಮಗುವಿನ ಎದುರು ಇನ್ನೊಬ್ಬರು ನಿಲ್ಲುವಂತಿಲ್ಲ.

ಉಳಿಯ ಹರಿತವನ್ನು ಹೆಬ್ಬೆರಳಿನಿಂದ ಪರೀಕ್ಷಿಸಬೇಡಿರೆಂದು ಮಕ್ಕಳಿಗೆ ಹೇಳುತ್ತೇವೆ. ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು: ಮೊಂಡಾಗಿದ್ದರೆ ಅಂಚಿನುದ್ದಕ್ಕೂ ಬಿಳಿಯ ಗೆರೆಯೊಂದು ಹೊಳೆಯುತ್ತದೆ, ಹರಿತವಾಗಿದ್ದರೆ ಏನೂ ಹೊಳೆಯುವುದಿಲ್ಲ. ಗೆರೆ ಕಂಡ ಉಳಿಯನ್ನು ಮಕ್ಕಳು ನನಗೆ ಒಪ್ಪಿಸಬೇಕು; ಸಾಣೆ ಹಿಡಿಯುವುದು ನನ್ನ ಕೆಲಸ.

ಇನ್ನೊಂದು ನಿಯಮ: ಜಾರಿ ಬೀಳುವ ಉಪಕರಣವನ್ನು ಹಿಡಿಯಲು ಹೋಗಬಾರದು, ಹಿಂದೆ ಸರಿಯಬೇಕು. ನಮ್ಮ ಬಿಸಿಲಿನಲ್ಲಿ ಬೆವರಿದ ಅಂಗೈಯಿಂದ ಹಿಡಿ ಜಾರುವುದು ಸಾಮಾನ್ಯ. ಆದುದರಿಂದ ಮಕ್ಕಳನ್ನು ಚಪ್ಪಲಿಯಲ್ಲಿ ಕಳಿಸದೆ ಬೆರಳು ಮುಚ್ಚುವ ಬೂಟಿನಲ್ಲಿ ಕಳಿಸಿರಿ. ಕೈಯೊರೆಸಲು ಒಂದು ಬಟ್ಟೆಯನ್ನೂ ಕೊಡಿರಿ.

ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಆಡುವ ಮಕ್ಕಳು ಉಳಿಗೆ ‘ಪಟಾಶಿ’ ಎಂದರೂ ಗರಗಸಕ್ಕೆ ‘ಕರವತ’ ಎಂದರೂ ನಮ್ಮ ಅಡ್ಡಿಯಿಲ್ಲ. ಆದರೆ ಅಪಾಯದ ಕೂಗು ಮಾತ್ರ ಎಲ್ಲರಿಗೂ ಒಂದೇ: ‘ನಿಲ್ಲು’. ಅದು ಕಿವಿಗೆ ಬಿದ್ದ ಕೂಡಲೇ ಎಲ್ಲರ ಉಪಕರಣಗಳೂ ನಿಲ್ಲಬೇಕು.

ಇಷ್ಟಾದರೂ ಗಾಯವಾದರೆ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ, 10 ನಿಮಿಷ ಬಿಚ್ಚಿ ನೋಡದೆ ಇರುತ್ತೇವೆ. ಮನೆಯಲ್ಲಿ ಹೀಗಾದರೆ ನೀವೂ ಹೀಗೆಯೇ ಮಾಡಿರಿ. ಅರಿಸಿನ, ಕಾಫಿಪುಡಿ ತುಂಬಬೇಡಿರಿ. ವೈದ್ಯರಿಗೆ ಗಾಯದ ಆಳ ಕಾಣದಂತಾಗುತ್ತದೆ. ಬೆರಳು ಮಡಿಸಲು ಬಾರದಿದ್ದರೆ ಅಥವಾ ತುದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಗಾಯ ಚಿಕ್ಕದಾಗಿ ಕಂಡರೂ ಒಳಗಿನ ಸ್ನಾಯುರಜ್ಜು ಅಥವಾ ನರ ಕಡಿದಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಹೋಗಲೇಬೇಕು.

ಕೊನೆಯದಾಗಿ ಎರಡು ವಿಷಯಗಳನ್ನು ಅರ್ಜಿಯಲ್ಲಿ ಬರೆದು ಕಳಿಸಿರಿ. ಮಗುವಿಗೆ ಧನುರ್ವಾತದ ಚುಚ್ಚುಮದ್ದು ಯಾವಾಗ ಆಗಿದೆ ಎಂಬುದು ಒಂದು. ಸರಕಾರದ ಪಟ್ಟಿಯಂತೆ 10ನೆಯ ಮತ್ತು 16ನೆಯ ವಯಸ್ಸಿಗೆ ಅದನ್ನು ಕೊಡುತ್ತಾರೆ. ಮಗು ಎಡಚವೇ ಎಂಬುದು ಇನ್ನೊಂದು. ಎಡಚ ಮಗುವನ್ನು ಬಲಗೈಗೆ ಒತ್ತಾಯಿಸಿದರೆ ಉಳಿಯು ಬಲ ಕಡಿಮೆಯಿರುವ ಕೈಗೆ ಸೇರುತ್ತದೆ. ಅಂಥ ಮಗುವಿಗೆ ಮೇಜಿನ ಮೇಲಿನ ಎಲ್ಲವನ್ನೂ ಬದಲಿಸಿ ಇಡುತ್ತೇವೆ. ಮೇಲೆ ಎಡಗೈಯ ಬಗ್ಗೆ ಹೇಳಿದ ಮಾತು ಅದಕ್ಕೆ ಬಲಗೈಯ ಮಾತಾಗುತ್ತದೆ.

ಮಗು ಮನೆಗೆ ಬಂದು ಅಟ್ಟದ ಮೇಲಿನ ಹಳೆಯ ಉಳಿಯನ್ನು ಕೇಳಿದರೆ ಕೂಡಲೇ ಕೊಡಬೇಡಿರಿ. ಮೊದಲು ಅದನ್ನು ಶಿಬಿರಕ್ಕೆ ಕಳಿಸಿರಿ. ಸಾಣೆ ಹಿಡಿದು ಹಿಂದಿರುಗಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯಶಾಲೆಯ ಶಿಕ್ಷಕ